ಮೊದಲ ಚೀಲ ಹಗುರ: ಆರನೇ ತರಗತಿಯವರು ಗಾದೆ ಕಟ್ಟಿ ಪರೀಕ್ಷಿಸಿದ ಬಗೆ

ಗಾದೆ ವಿಸ್ತರಣೆಯ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವ ಮೊದಲ ವಾಕ್ಯ ಒಂದೇ. "ಗಾದೆಗಳು ವೇದಕ್ಕೆ ಸಮಾನ. ಹಿರಿಯರ ಅನುಭವದಿಂದ ಹುಟ್ಟಿದ ಮಾತುಗಳೇ ಗಾದೆಗಳು." ಹತ್ತನೇ ತರಗತಿಯಲ್ಲಿ ನಾನೂ ಇದನ್ನೇ ಬರೆದೆ, ಪಿಯುಸಿಯಲ್ಲೂ ಇದನ್ನೇ ಬರೆದೆ. ಆದರೆ ಅನುಭವದಿಂದ ಗಾದೆ ಹೇಗೆ ಹುಟ್ಟುತ್ತದೆ ಎಂದು ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ವರ್ಷ ಎನ್.ಎಸ್.ಎಸ್. ಕೆಲಸವಾಗಿ ನಾನು ಮತ್ತು ನನ್ನ ಗೆಳತಿ ದಾವಣಗೆರೆಯ ಒಂದು ಉರ್ದು ಶಾಲೆಯ ಆರನೇ ತರಗತಿಗೆ ಐದು ಶನಿವಾರ ಹೋದೆವು. ಮಕ್ಕಳಿಗೆ ಕನ್ನಡ ಮಾತಾಡುವ ಅಭ್ಯಾಸ ಮಾಡಿಸುವುದು ನಮ್ಮ ಕೆಲಸ. ಅದಕ್ಕೆ ನಾವು ಆರಿಸಿಕೊಂಡ ಚಟುವಟಿಕೆ, ಮಕ್ಕಳೇ ಗಾದೆ ಕಟ್ಟುವುದು, ಕಟ್ಟಿದ್ದನ್ನು ಒಬ್ಬರ ಮೇಲೊಬ್ಬರು ಪರೀಕ್ಷೆ ಮಾಡುವುದು. ಅದು ನಡೆದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವು ಮಾಡಿದ ತಪ್ಪುಗಳನ್ನೂ ಬರೆಯುತ್ತೇನೆ, ಯಾಕೆಂದರೆ ಹೆಚ್ಚು ಕಲಿತದ್ದು ಅವುಗಳಿಂದಲೇ.

ಮೊದಲ ಶನಿವಾರ ಪೂರ್ತಿ ಹಾಳಾಯಿತು. ತರಗತಿಯಲ್ಲಿ 27 ಮಕ್ಕಳಿದ್ದರು. "ಒಬ್ಬೊಬ್ಬರು ಒಂದೊಂದು ಹೊಸ ಗಾದೆ ಮಾಡಿ" ಎಂದು ಹೇಳಿ ಅರ್ಧ ಗಂಟೆ ಕೊಟ್ಟೆವು. ಬಂದದ್ದು ಎರಡೇ ಬಗೆ. ಕೆಲವರು ಪುಸ್ತಕದಲ್ಲಿದ್ದ ಹಳೆಯ ಗಾದೆಯಲ್ಲಿ ಒಂದು ಪದ ಬದಲಾಯಿಸಿದ್ದರು. ಉಳಿದವರು ಉಪದೇಶ ಬರೆದಿದ್ದರು: ಗಿಡ ನೆಟ್ಟರೆ ನೆರಳು, ಚೆನ್ನಾಗಿ ಓದಿದರೆ ಒಳ್ಳೆಯ ಕೆಲಸ, ಕೈ ತೊಳೆದರೆ ರೋಗ ಇಲ್ಲ. ಇವು ಸುಳ್ಳಲ್ಲ. ಆದರೆ ಶಾಲೆಯ ಗೋಡೆಯ ಮೇಲೆ ಬರೆಸುವ ಮಾತುಗಳು, ಗಾದೆಗಳಲ್ಲ.

ಯಾಕೆ ಹೀಗಾಯಿತು ಎಂದು ನಮ್ಮ ಕನ್ನಡ ಉಪನ್ಯಾಸಕರನ್ನು ಕೇಳಿದೆ. ಅವರು ಒಂದೇ ಮಾತು ಹೇಳಿದರು. "ನೀವು ಅರ್ಥದಿಂದ ಶುರು ಮಾಡಿದ್ದೀರಿ. ಗಾದೆ ಅರ್ಥದಿಂದ ಶುರುವಾಗಲ್ಲಮ್ಮ, ಕಣ್ಣಿಂದ ಶುರುವಾಗುತ್ತೆ." ಅವರು ಹೇಳಿದ್ದು ಮನೆಗೆ ಹೋಗಿ ಯೋಚಿಸಿದಾಗ ತಿಳಿಯಿತು. "ಕೈ ಕೆಸರಾದರೆ ಬಾಯಿ ಮೊಸರು" ಎನ್ನುವ ಗಾದೆಯಲ್ಲಿ ದುಡಿಮೆ ಎಂಬ ಪದವೇ ಇಲ್ಲ, ಫಲ ಎಂಬ ಪದವೂ ಇಲ್ಲ. ಕೆಸರಿದೆ, ಮೊಸರಿದೆ, ಕೈ ಇದೆ, ಬಾಯಿ ಇದೆ. ಎಲ್ಲವೂ ಕಣ್ಣಿಗೆ ಕಾಣುವ ವಸ್ತುಗಳು. ಅರ್ಥವನ್ನು ಸೇರಿಸುವುದು ಕೇಳಿದವರು.

ಹೀಗಾಗಿ ಎರಡನೇ ಶನಿವಾರ ಗಾದೆ ಎಂಬ ಪದವನ್ನೇ ನಾವು ಎತ್ತಲಿಲ್ಲ. ಒಂದು ಹಾಳೆ ಕೊಟ್ಟು, ದಿನಕ್ಕೊಂದು ಸಾಲಿನಂತೆ ಐದು ದಿನ ಬರೆದು ತನ್ನಿ ಎಂದೆವು. ನಿಯಮ ಮೂರು. ಒಂದು, ನೀವೇ ನೋಡಿದ್ದು ಆಗಿರಬೇಕು. ಎರಡು, ಅದು ಒಂದು ಸಲ ಆಗಿ ಹೋದದ್ದಲ್ಲ, ಮತ್ತೆ ಮತ್ತೆ ಆಗುವಂಥದ್ದು. ಮೂರು, ಒಳ್ಳೆಯದು, ಕೆಟ್ಟದ್ದು, ಮಾಡಬೇಕು, ಮಾಡಬಾರದು ಎಂಬ ಪದಗಳು ಬರಬಾರದು. ಭಾಷೆಯ ವಿಷಯದಲ್ಲಿ ಒಂದು ಸಡಿಲಿಕೆ ಕೊಟ್ಟೆವು. ಮನೆಯಲ್ಲಿ ಆಡುವ ಉರ್ದುವಿನಲ್ಲೇ ಬರೆಯಬಹುದು, ಕನ್ನಡಕ್ಕೆ ತರುವುದು ಆಮೇಲೆ. ಇದನ್ನು ಬೇಕೆಂದೇ ಮಾಡಿದೆವು. ನಾನೂ ಅಂಥದ್ದೇ ಮನೆಯಿಂದ ಬಂದವಳು. ಕನ್ನಡದಲ್ಲಿ ಬರೆ ಎಂದರೆ ನಮ್ಮ ಕೈ ತಾನಾಗಿಯೇ ಪಠ್ಯಪುಸ್ತಕದ ವಾಕ್ಯ ಬರೆಯುತ್ತದೆ ಎಂದು ನನಗೆ ಗೊತ್ತು. ಅಮ್ಮಿಯ ಅಡುಗೆಮನೆಯಲ್ಲಿ ಕಂಡದ್ದು ಅಮ್ಮಿಯ ಮಾತಿನಲ್ಲೇ ಮೊದಲು ಬರಬೇಕು.

ಮೂರನೇ ಶನಿವಾರ ನೂರಕ್ಕಿಂತ ಹೆಚ್ಚು ಸಾಲುಗಳು ಬಂದವು. ಮೊಬೈಲ್ ಚಾರ್ಜ್ ಮುಗಿಯುವುದು, ನಲ್ಲಿ ನೀರು, ಬಿಸಿಯೂಟದ ಗಂಟೆ, ಹರಿದ ಚಪ್ಪಲಿ, ಮಳೆಗೆ ಮೆತ್ತಗಾಗುವ ಮಂಡಕ್ಕಿ, ಎಲ್ಲವೂ ಇದ್ದವು. ಈ ಶಾಲೆಯ ಅನೇಕ ಮಕ್ಕಳ ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಕಾದ ಮರಳಿನಲ್ಲಿ ಅಕ್ಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುವುದನ್ನು ದಿನಾ ನೋಡುವ ಮಕ್ಕಳು ಇವರು. ಅವರ ಹಾಳೆಯಲ್ಲಿ ಮಂಡಕ್ಕಿ ಬರದೆ ಇನ್ನೇನು ಬರುತ್ತದೆ?

ಎಲ್ಲ ಸಾಲುಗಳ ಕಥೆ ಹೇಳಿದರೆ ಮುಗಿಯುವುದಿಲ್ಲ. ಒಂದನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ.

ಒಬ್ಬ ಹುಡುಗ ಬರೆದ ಸಾಲು ಹೀಗಿತ್ತು: ಅಬ್ಬಾ ಗಾಡಿ ಮೇಲೆ ಮಂಡಕ್ಕಿ ಚೀಲ ಇಟ್ಟುಕೊಂಡು ಬಂದರೆ ಚೀಲ ಮಾತ್ರ ಕಾಣುತ್ತದೆ, ಅಬ್ಬಾ ಕಾಣುವುದಿಲ್ಲ, ಆದರೆ ಚೀಲ ಹಗುರ. ನಮ್ಮ ಊರಿನವರಿಗೆ ಈ ದೃಶ್ಯ ಹೊಸದಲ್ಲ. ಆಳೆತ್ತರದ ಚೀಲಗಳನ್ನು ಹೇರಿಕೊಂಡು ಒಂದು ಸಣ್ಣ ಮೊಪೆಡ್ ಹೋಗುತ್ತಿರುತ್ತದೆ. ಇದನ್ನು ಆ ಹುಡುಗ ಕನ್ನಡಕ್ಕೆ ತಂದದ್ದು ಹೀಗೆ: "ಮಂಡಕ್ಕಿ ಚೀಲ ನೋಡೋಕೆ ತುಂಬಾ ದೊಡ್ಡದಾಗಿ ಕಾಣುತ್ತೆ, ಆದರೆ ಹೆಗಲ ಮೇಲೆ ಇಟ್ಕೊಂಡ್ರೆ ಹಗುರ."

ಮೊದಲ ಪರೀಕ್ಷೆ ಕಿವಿಯದ್ದು. ಸಾಲಾಗಿ ಕೂತ ಏಳು ಮಕ್ಕಳಲ್ಲಿ ಮೊದಲನೆಯವನಿಗೆ ಈ ವಾಕ್ಯವನ್ನು ಕಿವಿಯಲ್ಲಿ ಹೇಳಬೇಕು. ಒಂದೇ ಸಲ, ಮತ್ತೆ ಹೇಳುವ ಹಾಗಿಲ್ಲ. ಅವನು ಪಕ್ಕದವನಿಗೆ, ಅವನು ಆಚೆಯವನಿಗೆ. ಕೊನೆಯವನು ಎದ್ದು ನಿಂತು ಗಟ್ಟಿಯಾಗಿ ಹೇಳಬೇಕು. ಇದು ಎಲ್ಲರೂ ಆಡಿರುವ ಆಟವೇ. ಆಟದಲ್ಲಿ ಮಾತು ಕೆಟ್ಟರೆ ನಗುತ್ತೇವೆ, ಇಲ್ಲಿ ಏನು ಉದುರಿತು ಎಂದು ನೋಡುತ್ತೇವೆ. ಕೊನೆಯ ಹುಡುಗಿಯ ಬಾಯಿಂದ ಬಂದದ್ದು "ಮಂಡಕ್ಕಿ ಚೀಲ ದೊಡ್ಡದು, ಹೆಗಲಿಗೆ ಹಗುರ." ದಾರಿಯಲ್ಲಿ "ತುಂಬಾ" ಹೋಯಿತು, "ಕಾಣುತ್ತೆ" ಹೋಯಿತು, "ಆದರೆ" ಹೋಯಿತು, "ಮೇಲೆ ಇಟ್ಕೊಂಡ್ರೆ" ಹೋಯಿತು. ಬೋರ್ಡಿನ ಮೇಲೆ ಎರಡನ್ನೂ ಬರೆದು, ಹೋದ ಪದಗಳು ಬೇಕಾ ಎಂದು ಕೇಳಿದೆವು. ಯಾರಿಗೂ ಬೇಕಿರಲಿಲ್ಲ. ಏಳು ಬಾಯಿ ದಾಟುವಾಗ ಉದುರಿದ ಪದ ನೂರು ಬಾಯಿ ದಾಟುವಾಗ ಉಳಿಯುವುದಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬಳು ಕೈ ಎತ್ತಿದಳು. "ಆಪಾ, ಹೆಗಲಿಗೆ ಹಗುರ ಅಂದ್ರೆ ಯಾವುದಕ್ಕೋ ಭಾರ ಇರ್ಬೇಕಲ್ಲ?" ಯಾವುದಕ್ಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ "ಕಣ್ಣಿಗೆ" ಎಂದಳು. ಗಾದೆ ಆಯಿತು: "ಮಂಡಕ್ಕಿ ಚೀಲ ಕಣ್ಣಿಗೆ ಭಾರ, ಹೆಗಲಿಗೆ ಹಗುರ."

ಇದನ್ನು ಬೋರ್ಡಿನ ಮೇಲೆ ನೋಡುತ್ತಿದ್ದಾಗ ನನಗೆ ಬೇರೆ ಗಾದೆಗಳು ನೆನಪಾದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮೂರರಲ್ಲೂ ಎರಡು ಭಾಗ, ಎರಡೂ ಭಾಗದಲ್ಲಿ "ಗೆ" ಪ್ರತ್ಯಯ, ಕ್ರಿಯಾಪದವೇ ಇಲ್ಲ. ನಡುವೆ "ಆದರೆ" ಎಂದು ಯಾರೂ ಹೇಳುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು, "ಆದರೆ" ತಾನೇ ಕೇಳಿಸುತ್ತದೆ. ಚತುರ್ಥಿ ವಿಭಕ್ತಿ ಎಂದು ನಾವು ಬಾಯಿಪಾಠ ಮಾಡಿದ ಈ "ಗೆ" ಕನ್ನಡ ಗಾದೆಯ ಒಂದು ಅಚ್ಚು. ಉರ್ದು ಮನೆಯ ಹನ್ನೊಂದು ವರ್ಷದ ಹುಡುಗಿ ವ್ಯಾಕರಣ ಯೋಚಿಸದೆ, ಬರೀ ಕಿವಿಯಿಂದ ಅದೇ ಅಚ್ಚಿಗೆ ಬಂದಿದ್ದಳು.

ಎರಡನೇ ಪರೀಕ್ಷೆ ಅರ್ಥದ್ದು. ಇದನ್ನು ನಾಲ್ಕನೇ ಶನಿವಾರ ಮಾಡಿದೆವು. ಗಾದೆ ಕಟ್ಟಿದವನು ಬಾಯಿ ಮುಚ್ಚಿಕೊಂಡು ಕೂರಬೇಕು. ಉಳಿದ 26 ಮಕ್ಕಳಿಗೆ ಒಂದೊಂದು ಚೀಟಿ. "ಈ ಮಾತನ್ನು ನೀನು ಯಾವಾಗ, ಯಾರಿಗೆ ಹೇಳುತ್ತೀಯ?" ಎಂಬ ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕು. "ಇದರ ಅರ್ಥವೇನು?" ಎಂದು ಕೇಳಬಾರದು. ಅರ್ಥ ಕೇಳಿದರೆ ಮಕ್ಕಳು ಪರೀಕ್ಷೆಯ ಉತ್ತರ ಬರೆಯುತ್ತಾರೆ, ಸಂದರ್ಭ ಕೇಳಿದರೆ ತಮ್ಮ ಬದುಕನ್ನು ಬರೆಯುತ್ತಾರೆ.

ಇಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಈ ಗಾದೆಗಿಂತ ಮೊದಲು ಮೊಬೈಲ್ ಚಾರ್ಜರಿನ ಗಾದೆಯನ್ನು ಪರೀಕ್ಷೆಗೆ ಇಟ್ಟಾಗ, ಚೀಟಿ ಹಂಚುತ್ತಾ "ಇದು ಪರೀಕ್ಷೆ ಹಿಂದಿನ ರಾತ್ರಿ ಓದೋರ ಬಗ್ಗೆ ಇದ್ದ ಹಾಗಿದೆ ಅಲ್ವಾ?" ಎಂದುಬಿಟ್ಟೆ. ಚೀಟಿ ತೆರೆದು ನೋಡಿದರೆ ಹೆಚ್ಚು ಕಡಿಮೆ ಎಲ್ಲರೂ ಪರೀಕ್ಷೆಯ ಹಿಂದಿನ ರಾತ್ರಿ ಎಂದೇ ಬರೆದಿದ್ದರು. ಅದು ಗಾದೆಯ ಗೆಲುವಲ್ಲ, ನನ್ನ ಬಾಯಿಯ ಗೆಲುವು. ಅದನ್ನು ರದ್ದು ಮಾಡಿ ಮುಂದಿನ ವಾರಕ್ಕೆ ಇಟ್ಟೆವು. ಚೀಟಿ ಮಡಚಿ ಕೈಗೆ ಬರುವವರೆಗೆ ದೊಡ್ಡವರೂ ಮಾತಾಡಬಾರದು ಎಂಬ ನಿಯಮ ಅಲ್ಲಿಂದ ಬಂತು.

ಚೀಟಿಗಳನ್ನು ಮೂರು ಗುಂಪು ಮಾಡಬೇಕು. ಗಾದೆಯಲ್ಲಿರುವ ವಸ್ತುವಿನ ಬಗ್ಗೆಯೇ ಬರೆದವು ಒಂದು ಕಡೆ, ಬೇರೆ ಸಂದರ್ಭ ಬರೆದವು ಇನ್ನೊಂದು ಕಡೆ, ಖಾಲಿ ಇದ್ದವು ಮತ್ತೊಂದು ಕಡೆ. ಮೊದಲ ಗುಂಪು ಅರ್ಧಕ್ಕಿಂತ ಹೆಚ್ಚಾದರೆ ಅದು ಗಾದೆಯಲ್ಲ, ಬರೀ ಮಾಹಿತಿ. "ಮಳೆ ಬಂದರೆ ಮೈದಾನ ಕೆಸರು" ಎಂಬ ಮಾತು ಹೀಗೇ ಬಿದ್ದುಹೋಯಿತು, ಎಲ್ಲರೂ ಮೈದಾನದ ಬಗ್ಗೆಯೇ ಬರೆದಿದ್ದರು.

ಮಂಡಕ್ಕಿ ಚೀಲಕ್ಕೆ ಬಂದ 26 ಚೀಟಿಗಳಲ್ಲಿ ನಾಲ್ಕು ಮಂಡಕ್ಕಿಯ ಬಗ್ಗೆಯೇ ಇದ್ದವು, ಎರಡು ಖಾಲಿ. ಉಳಿದ 20 ಬೇರೆ ಸಂದರ್ಭ ಹೇಳಿದ್ದವು. ಇಷ್ಟರಮಟ್ಟಿಗೆ ಗಾದೆ ಪಾಸಾಯಿತು. ಆದರೆ ಆ 20 ಎರಡು ದಿಕ್ಕಿಗೆ ಹೋಗಿದ್ದವು. ಹನ್ನೊಂದು ಮಕ್ಕಳು ಹೆದರಿಕೆಯ ಬಗ್ಗೆ ಬರೆದಿದ್ದರು: ಗಣಿತದ ಪರೀಕ್ಷೆ, ಇಂಜೆಕ್ಷನ್, ಹೊಸ ಶಾಲೆಯ ಮೊದಲ ದಿನ, ನೋಡಿದರೆ ಭಯ, ಮಾಡಿದರೆ ಏನೂ ಇಲ್ಲ. ಒಂಬತ್ತು ಮಕ್ಕಳು ಜಂಬದವರ ಬಗ್ಗೆ ಬರೆದಿದ್ದರು: ನೋಡೋಕೆ ದೊಡ್ಡ ಮನುಷ್ಯ, ಒಳಗೆ ಏನೂ ಇಲ್ಲ.

ಎರಡು ಅರ್ಥ ಇರುವುದು ತಪ್ಪಲ್ಲ, ಹಳೆಯ ಗಾದೆಗಳಿಗೂ ಇರುತ್ತದೆ. ಆದರೆ ಇಲ್ಲಿ ಒಂದು ಅರ್ಥ ಧೈರ್ಯ ಹೇಳುತ್ತದೆ, ಇನ್ನೊಂದು ಗೇಲಿ ಮಾಡುತ್ತದೆ. ಧೈರ್ಯ ಹೇಳಲು ಹೋಗಿ ಗೇಲಿ ಮಾಡಿದಂತಾಗುತ್ತದೆ. ನಾವು ಇದನ್ನು ವಿವರಿಸುವ ಮೊದಲೇ ಒಬ್ಬ ಹುಡುಗ ನಗುತ್ತಾ "ಹಾಗಾದ್ರೆ ನಿಮ್ಮ ಅಬ್ಬನ ಕೆಲಸ ಸುಲಭ ಬಿಡೋ, ಹಗುರ ಅಲ್ವಾ" ಎಂದ. ಗಾದೆ ಕಟ್ಟಿದ ಹುಡುಗನ ಮುಖ ಕೆಂಪಾಯಿತು. ಅಲ್ಲಿಯವರೆಗೆ ಸುಮ್ಮನಿದ್ದವನು ಎದ್ದು ನಿಂತ. "ಒಂದು ಚೀಲ ಹಗುರ. ಅಬ್ಬಾ ಬೆಳಿಗ್ಗೆಯಿಂದ ಎತ್ತುತ್ತಾರೆ. ಮೊದಲನೇ ಚೀಲ ಹಗುರ ಇರುತ್ತೆ, ಕೊನೇದು ಭಾರ ಇರುತ್ತೆ. ನೀನು ಎತ್ತಿದ್ದೀಯಾ?"

ತರಗತಿ ಸುಮ್ಮನಾಯಿತು. ನನ್ನ ಗೆಳತಿ ಮಾತಾಡದೆ ಬೋರ್ಡಿನ ಹತ್ತಿರ ಹೋಗಿ ಅವನ ಬಾಯಿಂದ ಬಂದದ್ದನ್ನೇ ಬರೆದಳು: "ಮೊದಲ ಚೀಲ ಹಗುರ, ಕೊನೆ ಚೀಲ ಭಾರ."

ಹೊಸ ಮಾತಿಗೆ ಮತ್ತೆ ಚೀಟಿ ಹಂಚಿದೆವು. ಈ ಸಲ ಚೀಟಿಗಳು ದಿಕ್ಕು ತಪ್ಪಲಿಲ್ಲ. ಅಮ್ಮಿ ಹಬ್ಬದ ದಿನ ಮಾಡುವ ಕೊನೆಯ ರೊಟ್ಟಿ, ತಂಗಿಯನ್ನು ಎತ್ತಿಕೊಂಡು ನಡೆದು ಬರುವ ದಾರಿ, ರಂಜಾನ್‌ನಲ್ಲಿ ಅಸರ್ ನಮಾಜಿನ ನಂತರದ ಹೊತ್ತು, ಹೋಮ್‌ವರ್ಕಿನ ಕೊನೆಯ ಪುಟ, ನೂರು ಬಸ್ಕಿಯಲ್ಲಿ ಕೊನೆಯ ಹತ್ತು. ವಸ್ತು ಬೇರೆ ಬೇರೆ, ಹೇಳುವ ಮಾತು ಒಂದೇ: ಭಾರ ಇರುವುದು ಹೊರೆಯಲ್ಲಿ ಮಾತ್ರ ಅಲ್ಲ, ಎಷ್ಟು ಹೊತ್ತಿನಿಂದ ಹೊತ್ತಿದ್ದೇವೆ ಎಂಬುದರಲ್ಲಿ. ಎರಡು ಚೀಲದ ತೂಕವೂ ಒಂದೇ ಎಂದು ಗಾದೆ ಹೇಳುವುದಿಲ್ಲ. ಅದು ಕೇಳಿದವರಿಗೆ ಗೊತ್ತು, ಹಾಗಾಗಿಯೇ ಮಾತು ತಾಕುತ್ತದೆ. ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಇದೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಬಳಸುತ್ತಾ ಹೋದರೆ ಪ್ರತಿ ಹೆಚ್ಚುವರಿ ಘಟಕದಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ತಿನ್ನುವವನ ಕಡೆಯಿಂದ ನೋಡಿದರೆ ಆ ನಿಯಮ, ಹೊರುವವನ ಕಡೆಯಿಂದ ನೋಡಿದರೆ ಈ ಗಾದೆ.

ಮೂರನೇ ಪರೀಕ್ಷೆ ವಾರದ್ದು. ಇದರಲ್ಲಿ ನಾವು ಮಾಡುವುದು ಏನೂ ಇಲ್ಲ. ಗಾದೆಗಳನ್ನು ಬೋರ್ಡಿನಿಂದ ಅಳಿಸಿ, ಬರೆದುಕೊಳ್ಳಲು ಬಿಡದೆ ಮನೆಗೆ ಕಳಿಸಬೇಕು. ಮುಂದಿನ ಶನಿವಾರ ಕೇಳಬೇಕು: ಈ ವಾರ ಯಾವ ಮಾತನ್ನು ಯಾರಿಗೆ, ಯಾವಾಗ ಹೇಳಿದಿರಿ? ಕಟ್ಟಿದವನೇ ಹೇಳಿದ್ದು ಲೆಕ್ಕಕ್ಕಿಲ್ಲ. ಸಂದರ್ಭ ಹೇಳಲಾಗದವನ ಮಾತೂ ಲೆಕ್ಕಕ್ಕಿಲ್ಲ, ಯಾಕೆಂದರೆ ನಮ್ಮನ್ನು ಮೆಚ್ಚಿಸಲು "ಹೇಳಿದೆ ಆಪಾ" ಎನ್ನುವವರು ಇದ್ದೇ ಇರುತ್ತಾರೆ. "ಎಲ್ಲಿ ನಿಂತಿದ್ದೆ? ಅವರು ಏನಂದರು?" ಎಂದು ಎರಡು ಪ್ರಶ್ನೆ ಕೇಳಿದರೆ ನಿಜ ಯಾವುದು ಎಂದು ಗೊತ್ತಾಗುತ್ತದೆ.

ಐದನೇ ಶನಿವಾರ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಳಕೆಯಾದ ಮಾತು ಯಾವುದು ಗೊತ್ತೇ? ಚೀಲದ್ದಲ್ಲ. "ತಡವಾಗಿ ಬಂದವಳಿಗೆ ಬಾಗಿಲೇ ಬೆಂಚು." ಕಿವಿ ಪರೀಕ್ಷೆಯಲ್ಲಿ ಒಂದು ಪದವೂ ಉದುರದ ಮಾತು ಇದು. ಅರ್ಥ ಪರೀಕ್ಷೆಯಲ್ಲೂ ಪಾಸಾಗಿತ್ತು. ಹತ್ತಕ್ಕಿಂತ ಹೆಚ್ಚು ಮಕ್ಕಳು ಬಳಸಿದ್ದೇವೆ ಎಂದು ಖುಷಿಯಿಂದ ಕೈ ಎತ್ತಿದರು. ಯಾರಿಗೆ ಹೇಳಿದಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದಾಗ ನನ್ನ ಖುಷಿ ಇಳಿಯಿತು. ಎಲ್ಲರೂ ಹೇಳಿದ್ದು ಒಬ್ಬಳಿಗೇ. ವಾರದಲ್ಲಿ ಎರಡು ಮೂರು ದಿನ ತಡವಾಗಿ ಬರುವ, ಬಾಗಿಲ ಬಳಿ ನಿಲ್ಲಬೇಕಾಗುತ್ತಿದ್ದ ಒಬ್ಬ ಹುಡುಗಿಗೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ಆ ಮಾತನ್ನು ಮೂರನೇ ಶನಿವಾರ ಬೋರ್ಡಿನ ಮೇಲೆ ಬರೆದು, ಚೆನ್ನಾಗಿದೆ ಎಂದು ಹೊಗಳಿದವಳು ನಾನೇ.

ಇಡೀ ಚಟುವಟಿಕೆಯಲ್ಲಿ ಎಚ್ಚರವಾಗಿರಬೇಕಾದ ಜಾಗ ಇದು. ನಮ್ಮ ಮೂರು ಪರೀಕ್ಷೆಗಳೂ ಮಾತು ಎಷ್ಟು ಗಟ್ಟಿ ಎಂದು ಅಳೆಯುತ್ತವೆ. ಅದು ಯಾರ ಮೇಲೆ ಬೀಳುತ್ತಿದೆ ಎಂದು ಅಳೆಯುವುದಿಲ್ಲ. ಚುಚ್ಚುವ ಮಾತು ಬೇಗ ನೆನಪಿರುತ್ತದೆ, ಬೇಗ ಹರಡುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ಅದೇ ಮೊದಲು ಬರುತ್ತದೆ. ಅವತ್ತೇ ಅಲ್ಲೇ ನಾಲ್ಕನೇ ನಿಯಮ ಸೇರಿಸಿದೆವು. ಒಂದು ಮಾತು ಕನಿಷ್ಠ ಇಬ್ಬರು ಬೇರೆ ಬೇರೆ ಜನರ ಬಗ್ಗೆ ಬಳಕೆಯಾಗಿರಬೇಕು. ಜೊತೆಗೆ ಹೇಳಿದವನು ಅದನ್ನು ತನ್ನ ಬಗ್ಗೆಯೂ ಒಂದು ಸಲ ಹೇಳಿಕೊಂಡು ತೋರಿಸಬೇಕು. ಒಬ್ಬರ ಮೇಲೆ ಮಾತ್ರ ಕೂರುವ ಮಾತು ಗಾದೆಯಲ್ಲ, ಅಡ್ಡಹೆಸರು. ಈ ನಿಯಮದಲ್ಲಿ "ಬಾಗಿಲೇ ಬೆಂಚು" ಬಿದ್ದುಹೋಯಿತು. ಯೋಚಿಸಿದರೆ ಹಳೆಯ ಗಾದೆಗಳಲ್ಲೂ ಹೆಣ್ಣುಮಕ್ಕಳನ್ನೋ ಒಂದು ಜಾತಿಯನ್ನೋ ಹೀಯಾಳಿಸುವ ಎಷ್ಟೋ ಮಾತುಗಳಿವೆ. ಅವು ನೂರಾರು ವರ್ಷ ಉಳಿದಿರಬಹುದು, ಆದರೆ ಈ ನಾಲ್ಕನೇ ನಿಯಮವನ್ನು ದಾಟುವುದಿಲ್ಲ. ವೇದಕ್ಕೆ ಸಮಾನ ಎಂದು ಎಲ್ಲವಕ್ಕೂ ಒಂದೇ ಅಂಕ ಕೊಡುವ ಮೊದಲು ಇದನ್ನು ನೋಡಬೇಕು.

ಆ ಹುಡುಗಿಯ ಹಾಳೆಯನ್ನು ಮತ್ತೆ ತೆಗೆದು ಓದಿದೆವು. ಅವಳ ಐದು ಸಾಲಿನಲ್ಲಿ ನಾಲ್ಕು ನೀರಿನ ಬಗ್ಗೆ ಇದ್ದವು. ಅವರ ಬೀದಿಯಲ್ಲಿ ನಲ್ಲಿ ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಬಂದ ದಿನ ತುಂಬಿಸಿಟ್ಟೇ ಬರಬೇಕು. ಅವಳಿಗೆ ಒಂದು ಮಾತು ಕಟ್ಟಲು ಹೇಳಿದೆವು. ಅವಳು ಕಟ್ಟಿದ್ದು "ನಲ್ಲಿಗೆ ಗಡಿಯಾರ ಇಲ್ಲ, ಶಾಲೆಗೆ ಇದೆ." ಮತ್ತೆ ಅದೇ "ಗೆ", ಅದೇ ಎರಡು ಭಾಗ. ಚೀಟಿಗಳಲ್ಲಿ ಬಸ್ಸು ಬಂತು, ಡಾಕ್ಟರು ಬಂದರು, ರೇಷನ್ ಅಂಗಡಿ ಬಂತು. ಒಂದು ಕಡೆ ನಮ್ಮನ್ನು ಎಷ್ಟು ಬೇಕಾದರೂ ಕಾಯಿಸುತ್ತಾರೆ, ಇನ್ನೊಂದು ಕಡೆ ಒಂದು ನಿಮಿಷವನ್ನೂ ಬಿಡುವುದಿಲ್ಲ, ಆ ನಡುವೆ ಸಿಕ್ಕಿಕೊಂಡವರೆಲ್ಲ ಇದನ್ನು ಹೇಳಬಹುದು. ಬಾಗಿಲೇ ಬೆಂಚು ಎಂದು ಕಟ್ಟಿದ್ದ ಹುಡುಗನ ಚೀಟಿಯಲ್ಲಿ "ನಮ್ಮ ಮನೆಯಲ್ಲೂ" ಎಂದಷ್ಟೇ ಇತ್ತು.

ಇನ್ನು ಭಾಷೆಯ ವಿಷಯ. ಕನ್ನಡದಲ್ಲಿ ಕಟ್ಟಿದ ಮಾತು ಉರ್ದುವಿಗೆ ಹೋದರೂ ನಿಲ್ಲುತ್ತದೆಯೇ ಎಂದು ನೋಡಿದೆವು. "ಪೈಲಾ ಬೋರಾ ಹಲ್ಕಾ, ಆಖ್ರಿ ಬೋರಾ ಭಾರಿ." ಚೆನ್ನಾಗಿಯೇ ನಿಂತಿತು. ಇದು ಹೊಸ ಸಂಗತಿಯೇನಲ್ಲ. ನಮ್ಮ ನಾನಿ "ನಾಚ್ ನ ಜಾನೆ ಆಂಗನ್ ಟೇಢಾ" ಎನ್ನುತ್ತಾರೆ, ಪಕ್ಕದ ಮನೆಯ ಅಜ್ಜಿ "ಕುಣಿಯಲಾರದವಳು ಅಂಗಳ ಡೊಂಕು ಅಂದಳು" ಎನ್ನುತ್ತಾರೆ. ಅಂಗಳ ಒಂದೇ, ಡೊಂಕೂ ಒಂದೇ. ಆದರೆ ಪ್ರಾಸವನ್ನೇ ನಂಬಿ ಕಟ್ಟಿದ ಮಾತುಗಳು ದಾಟುವುದಿಲ್ಲ. ಒಬ್ಬ ಹುಡುಗ ಬರೀ ಪ್ರಾಸಕ್ಕಾಗಿ ಕಟ್ಟಿದ್ದ "ಬಸ್ಸಿನ ಸೀಟು, ಬಸಪ್ಪನ ಏಟು" ಕನ್ನಡದಲ್ಲಿ ಎಲ್ಲರನ್ನೂ ನಗಿಸಿತು. ಯಾವಾಗ ಹೇಳುತ್ತೀರಿ ಎಂದರೆ ಯಾರಿಗೂ ಗೊತ್ತಿರಲಿಲ್ಲ.

ಈ ಚಟುವಟಿಕೆಗೆ ಮಿತಿಗಳೂ ಇವೆ. ಮಂಡಕ್ಕಿ ಚೀಲ ಎತ್ತುವುದನ್ನು ನೋಡದ ಊರಿನಲ್ಲಿ ನಮ್ಮ ಚೀಲದ ಗಾದೆ ಇಷ್ಟು ಬೇಗ ತಾಕದೇ ಇರಬಹುದು. ಒಂದು ವಾರದ ಪರೀಕ್ಷೆ ಸಣ್ಣದು, ವಾರ ಪೂರ್ತಿ ಓಡಾಡಿದ ಮಾತು ತಿಂಗಳಲ್ಲಿ ಸತ್ತುಹೋಗಬಹುದು. 27 ಮಕ್ಕಳ ಸಾಲುಗಳಿಂದ ನಾಲ್ಕೂ ನಿಯಮ ದಾಟಿ ಉಳಿದದ್ದು ಆರೇ ಮಾತು. ನಲ್ಲಿಯ ಮಾತು ಮತ್ತು ತಡವಾಗಿ ಪರೀಕ್ಷೆಯಾದ ಚಾರ್ಜರಿನ ಮಾತಿಗೆ ವಾರದ ಲೆಕ್ಕವನ್ನು ನಮ್ಮ ಪರವಾಗಿ ತರಗತಿಯ ಟೀಚರ್ ಕೇಳಿ ಹೇಳಿದರು.

ಚೀಲದ ಗಾದೆಯ ವಾರದ ಲೆಕ್ಕ ಹೇಳಿ ಮುಗಿಸುತ್ತೇನೆ. ಅದನ್ನು ನಾಲ್ವರು ಬಳಸಿದ್ದರು. ಮದುವೆ ಮನೆಯಲ್ಲಿ ದೇಗ್ಚಿ ತೊಳೆಯುತ್ತಿದ್ದ ಖಾಲಾಗೆ ಒಬ್ಬಳು ಹೇಳಿದ್ದಳು. ಬಿಸಿಯೂಟದ ಅಕ್ಕ ಕೊನೆಯ ಪಾತ್ರೆ ಇಳಿಸುವಾಗ ಇನ್ನೊಬ್ಬ ಹೇಳಿದ್ದ. ಚೀಲ ಹಗುರ ಎಂದು ನಕ್ಕಿದ್ದ ಹುಡುಗ, ಅಣ್ಣನ ಜೊತೆ ಇಟ್ಟಿಗೆ ಸಾಗಿಸುವಾಗ ತನಗೆ ತಾನೇ ಹೇಳಿಕೊಂಡಿದ್ದ. ನಾಲ್ಕನೆಯವನು ಕಟ್ಟಿದ ಹುಡುಗನ ಪಕ್ಕದ ಮನೆಯವನು. ಸಂಜೆ ಭಟ್ಟಿಯಿಂದ ಬಂದು ಕಟ್ಟೆಯ ಮೇಲೆ ಕೂತ ಆ ಹುಡುಗನ ಅಬ್ಬನಿಗೇ ಹೇಳಿದ್ದನಂತೆ. ಅವರು "ಯಾರ್ದೋ ಇದು, ಹಳೇ ಗಾದೆನಾ?" ಎಂದು ಕೇಳಿದರಂತೆ. ಮಗ ಅಲ್ಲೇ ಬಾಗಿಲಲ್ಲಿ ನಿಂತಿದ್ದನಂತೆ, ಏನೂ ಹೇಳಲಿಲ್ಲವಂತೆ. ಯಾಕೆ ಹೇಳಲಿಲ್ಲ ಎಂದು ನಾವು ಕೇಳಿದ್ದಕ್ಕೆ ಅವನು, "ಹಳೇದು ಅಂತಾನೇ ಅಂದ್ಕೊಳ್ಳಲಿ ಆಪಾ, ಚೆನ್ನಾಗೈತಿ" ಎಂದ.

ಉಳಿದ ಆರು ಮಾತುಗಳು ಇವು. ಓದಿ ಬಿಡಬೇಡಿ, ಒಂದು ವಾರ ಇಟ್ಟು ನೋಡಿ, ಯಾವುದು ನಿಮ್ಮ ಬಾಯಿಗೆ ತಾನಾಗಿ ಬರುತ್ತದೆ ಎಂದು.

ಮೊದಲ ಚೀಲ ಹಗುರ, ಕೊನೆ ಚೀಲ ಭಾರ.

ನಲ್ಲಿಗೆ ಗಡಿಯಾರ ಇಲ್ಲ, ಶಾಲೆಗೆ ಇದೆ.

ಒಂದು ಪರ್ಸೆಂಟ್ ಉಳಿದಾಗ ಚಾರ್ಜರ್ ನೆನಪು.

ಊಟದ ಗಂಟೆ ಹಿಂದಿನ ಬೆಂಚಿಗೂ ಕೇಳುತ್ತೆ.

ಮಂಡಕ್ಕಿಗೆ ಮಳೆ ಬೇಡ, ಗಾಳಿ ಸಾಕು.

ಮನೆ ದೂರ ಇದ್ದಾಗಲೇ ಚಪ್ಪಲಿ ಹರಿಯೋದು.